ತುರ್ತು ದಾಖಲಾತಿಯನ್ನು ವಿಮಾ ಕಂಪನಿಗೆ ಗಡುವಿನೊಳಗೆ ತಿಳಿಸುವುದು, ತಿಳಿಸಲಾಗದಿದ್ದಾಗ ಮಾಡಬೇಕಾದದ್ದು

ಆರೋಗ್ಯ ವಿಮೆಯ ಪಾಲಿಸಿ ಇರುವವರು ಅಪಘಾತ, ಹೃದಯಾಘಾತ ಅಥವಾ ಇನ್ನಾವುದೋ ಆಕಸ್ಮಿಕದಿಂದ ಆಸ್ಪತ್ರೆಗೆ ದಾಖಲಾದಾಗ ಆ ವಿಷಯವನ್ನು ಕಂಪನಿಗೆ ನಿಗದಿತ ಸಮಯದೊಳಗೆ ತಿಳಿಸಬೇಕೆಂಬ ಷರತ್ತು ಬಹುತೇಕ ಎಲ್ಲ ಪಾಲಿಸಿಗಳಲ್ಲೂ ಇರುತ್ತದೆ. ಕಂಪನಿಯವರು ಇದನ್ನು ಇಂಟಿಮೇಷನ್ ಎನ್ನುತ್ತಾರೆ. ಇದು ಕ್ಯಾಶ್‌ಲೆಸ್ ಚಿಕಿತ್ಸೆಗೆ ಒಪ್ಪಿಗೆ ಕೇಳುವ ಅರ್ಜಿಯಲ್ಲ, ಬಿಲ್ಲುಗಳೊಂದಿಗೆ ಸಲ್ಲಿಸುವ ಕ್ಲೇಮ್ ಕೂಡ ಅಲ್ಲ. ಇಂಥ ಪಾಲಿಸಿಯ ಇಂಥವರು ಇಂಥ ಆಸ್ಪತ್ರೆಯಲ್ಲಿ ಇಂಥ ಹೊತ್ತಿಗೆ ದಾಖಲಾಗಿದ್ದಾರೆ ಎಂಬ ಬರಿಯ ಸೂಚನೆ. ಈ ಮೂರನ್ನೂ ಒಂದೇ ಎಂದು ತಿಳಿದು, ರೋಗದ ಹೆಸರು ಖಚಿತವಾಗಲಿ, ಖರ್ಚಿನ ಅಂದಾಜು ಸಿಗಲಿ, ಆಮೇಲೆ ಫೋನ್ ಮಾಡೋಣ ಎಂದು ಕಾಯುತ್ತಾ ಕುಳಿತು ಗಡುವು ಮೀರಿಸಿಕೊಳ್ಳುವ ಕುಟುಂಬಗಳು ಸಾಕಷ್ಟಿವೆ. ಸೂಚನೆ ಕೊಡಲು ರೋಗನಿರ್ಣಯವೂ ಬೇಕಿಲ್ಲ, ಅಂದಾಜು ಪಟ್ಟಿಯೂ ಬೇಕಿಲ್ಲ.

ಮೊದಲು ನಿಮ್ಮ ಪಾಲಿಸಿಯಲ್ಲಿ ಗಡುವು ಎಷ್ಟಿದೆ ಎಂಬುದನ್ನು ನೋಡಿಟ್ಟುಕೊಳ್ಳಿ. ಪಾಲಿಸಿ ಪುಸ್ತಿಕೆಯಲ್ಲಿ ಕ್ಲೇಮ್ ವಿಧಾನವನ್ನು ವಿವರಿಸುವ ಭಾಗದಲ್ಲಿ ಇದು ಇರುತ್ತದೆ. ಎಲ್ಲ ಕಂಪನಿಗಳೂ ಒಂದೇ ಮಾದರಿಯಲ್ಲಿ ಮಾರುವ ಆರೋಗ್ಯ ಸಂಜೀವನಿ ಪಾಲಿಸಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಅದರಲ್ಲಿ ಮೊದಲೇ ಗೊತ್ತಿರುವ ಚಿಕಿತ್ಸೆಗೆ ದಾಖಲಾಗುವ ಕನಿಷ್ಠ 48 ಗಂಟೆ ಮುಂಚೆ ತಿಳಿಸಬೇಕು. ತುರ್ತು ದಾಖಲಾತಿಯಾದರೆ 24 ಗಂಟೆಯೊಳಗೆ ಅಥವಾ ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನ, ಈ ಎರಡರಲ್ಲಿ ಯಾವುದು ಮೊದಲೋ ಅಷ್ಟರೊಳಗೆ ತಿಳಿಸಬೇಕು. ಈ ಕೊನೆಯ ಮಾತನ್ನು ಜನ ಗಮನಿಸುವುದೇ ಇಲ್ಲ. ಹೊಟ್ಟೆನೋವೆಂದು ರಾತ್ರಿ ಹತ್ತಕ್ಕೆ ದಾಖಲಾದವರನ್ನು ಮರುದಿನ ಸಂಜೆ ನಾಲ್ಕಕ್ಕೆ ಮನೆಗೆ ಕಳುಹಿಸಿದರೆ ಅವರ ಗಡುವು ಸಂಜೆ ನಾಲ್ಕಕ್ಕೇ ಮುಗಿಯಿತು. 24 ಗಂಟೆಯಾಗಲು ಇನ್ನೂ ಆರು ಗಂಟೆ ಉಳಿದಿದೆ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಕಂಪನಿಯ ಒಪ್ಪಂದದಲ್ಲಿಲ್ಲದ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಸೌಲಭ್ಯ ಕೇಳಲು 2024ರ ಜನವರಿಯಲ್ಲಿ ಸಾಮಾನ್ಯ ವಿಮಾ ಕಂಪನಿಗಳ ಒಕ್ಕೂಟವಾದ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ ಜಾರಿಗೆ ತಂದ ವ್ಯವಸ್ಥೆಯಲ್ಲಿ ತುರ್ತು ದಾಖಲಾತಿಗೆ 48 ಗಂಟೆಗಳ ಅವಕಾಶವಿದೆ. ಆದರೆ ಅದು ಆ ಸೌಲಭ್ಯಕ್ಕೆ ಸಂಬಂಧಿಸಿದ ಗಡುವು. ನಿಮ್ಮ ಪಾಲಿಸಿಯಲ್ಲಿ 24 ಗಂಟೆ ಎಂದಿದ್ದರೆ 24 ಗಂಟೆಯನ್ನೇ ಹಿಡಿದು ನಡೆಯುವುದು ಕ್ಷೇಮ.

ಗಂಟೆಗಳ ಎಣಿಕೆ ದಾಖಲಾದ ಸಮಯದಿಂದ ಶುರುವಾಗುತ್ತದೆ. ತುರ್ತು ಚಿಕಿತ್ಸಾ ಘಟಕದ ಚೀಟಿಯಲ್ಲಿ ಒಂದು ಸಮಯ, ಒಳರೋಗಿಯಾಗಿ ನೋಂದಾಯಿಸಿದ ಹಾಳೆಯಲ್ಲಿ ಇನ್ನೊಂದು ಸಮಯ ಇರುವುದುಂಟು. ಎರಡರ ನಡುವೆ ಒಂದೆರಡು ಗಂಟೆ ಅಂತರವಿದ್ದರೆ ಮೊದಲಿನದನ್ನೇ ಲೆಕ್ಕಕ್ಕೆ ಹಿಡಿದುಕೊಳ್ಳಿ. ಆಗ ಯಾರೂ ತಕರಾರು ತೆಗೆಯುವಂತಿಲ್ಲ.

ಇನ್ನು ಸೂಚನೆ ಕೊಡುವ ಕ್ರಮ. ಪಾಲಿಸಿದಾರರೇ ಫೋನ್ ಮಾಡಬೇಕೆಂಬ ನಿಯಮವಿಲ್ಲ. ಅವರೇ ಹಾಸಿಗೆ ಹಿಡಿದಿರುವಾಗ ಹೆಂಡತಿ, ಗಂಡ, ಮಗ, ಮಗಳು, ಅಣ್ಣ, ತಮ್ಮ, ನೆರೆಮನೆಯವರು ಯಾರು ಬೇಕಾದರೂ ಅವರ ಪರವಾಗಿ ತಿಳಿಸಬಹುದು. ಕಂಪನಿಯ ಇಲ್ಲವೇ ಕ್ಲೇಮ್ ನೋಡಿಕೊಳ್ಳುವ ಟಿಪಿಎ ಸಂಸ್ಥೆಯ ಉಚಿತ ದೂರವಾಣಿ ಸಂಖ್ಯೆ ಹೆಲ್ತ್ ಕಾರ್ಡಿನ ಮೇಲೆಯೇ ಅಚ್ಚಾಗಿರುತ್ತದೆ. ಕರೆ ಮಾಡಿದಾಗ ರೋಗಿಯ ಹೆಸರು, ಪಾಲಿಸಿ ಸಂಖ್ಯೆ ಅಥವಾ ಕಾರ್ಡಿನ ಮೇಲಿನ ಸದಸ್ಯ ಸಂಖ್ಯೆ, ಆಸ್ಪತ್ರೆಯ ಹೆಸರು ಮತ್ತು ಊರು, ದಾಖಲಾದ ದಿನಾಂಕ ಮತ್ತು ಸಮಯ, ಏನಾಯಿತು ಎಂಬ ಒಂದು ಸಾಲು, ಮರಳಿ ಕರೆ ಮಾಡಬಹುದಾದ ಮೊಬೈಲ್ ಸಂಖ್ಯೆ, ಇಷ್ಟನ್ನು ಹೇಳಿದರೆ ಸಾಕು. ಏನಾಯಿತು ಎಂಬಲ್ಲಿ ನಿಮಗೆ ಗೊತ್ತಿರುವಷ್ಟನ್ನು ಮಾತ್ರ ಹೇಳಿ. ಎದೆನೋವೆಂದು ಕರೆತಂದಿದ್ದರೆ ಎದೆನೋವು ಎನ್ನಿ. ಅದನ್ನು ಹೃದಯಾಘಾತವೆಂದು ನೀವಾಗಿಯೇ ಹೆಸರಿಸಬೇಡಿ. ಮೊದಲ ಸೂಚನೆಯಲ್ಲಿ ಹೇಳಿದ್ದಕ್ಕೂ ಆಸ್ಪತ್ರೆಯ ದಾಖಲೆಯಲ್ಲಿ ಬರೆದಿದ್ದಕ್ಕೂ ತಾಳೆಯಾಗದಿದ್ದರೆ ಮುಂದೆ ಅದೇ ಒಂದು ಪ್ರಶ್ನೆಯಾಗುತ್ತದೆ.

ಕರೆ ಮುಗಿಸುವ ಮುನ್ನ ಸೂಚನೆಯ ಉಲ್ಲೇಖ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಆಮೇಲೆ ಅದೇ ವಿಷಯವನ್ನು ಕಂಪನಿಯ ಇಮೇಲ್‌ಗೋ ಆ್ಯಪ್‌ಗೋ ಕಳುಹಿಸಿ. ಕರೆ ಮಾಡಿದ್ದೆವು ಎಂದು ಮೂರು ವಾರದ ನಂತರ ಹೇಳುವುದಕ್ಕೂ ಸಮಯ ನಮೂದಾದ ಇಮೇಲನ್ನು ತೋರಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಇಮೇಲ್ ಹೀಗಿದ್ದರೆ ಸಾಕು:

«ವಿಷಯ: ತುರ್ತು ದಾಖಲಾತಿಯ ಸೂಚನೆ, ಪಾಲಿಸಿ ಸಂಖ್ಯೆ ______. ಮೇಲಿನ ಪಾಲಿಸಿಯ ಸದಸ್ಯರಾದ ನನ್ನ ಪತಿ ______ ಅವರು ದಿನಾಂಕ ______ ರಂದು ರಾತ್ರಿ ______ ಗಂಟೆಗೆ ______ ಊರಿನ ______ ಆಸ್ಪತ್ರೆಯಲ್ಲಿ ರಸ್ತೆ ಅಪಘಾತದ ಗಾಯಗಳಿಗಾಗಿ ಒಳರೋಗಿಯಾಗಿ ದಾಖಲಾಗಿದ್ದಾರೆ. ಒಳರೋಗಿ ಸಂಖ್ಯೆ ______. ಈ ಬಗ್ಗೆ ಇಂದು ______ ಗಂಟೆಗೆ ಫೋನಿನಲ್ಲಿ ತಿಳಿಸಿದ್ದು, ಉಲ್ಲೇಖ ಸಂಖ್ಯೆ ______ ನೀಡಲಾಗಿದೆ. ಸಂಪರ್ಕಕ್ಕೆ ನನ್ನ ಸಂಖ್ಯೆ ______.»

ಇಲ್ಲಿ ಜನ ಎರಡು ಕಡೆ ಎಡವುತ್ತಾರೆ. ಒಂದು, ಪಾಲಿಸಿ ಮಾಡಿಸಿದ ಏಜೆಂಟರಿಗೆ ಹೇಳಿ ಸುಮ್ಮನಾಗುವುದು. ‘ನಾನು ನೋಡ್ಕೋತೀನಿ, ನೀವು ಚಿಂತೆ ಮಾಡಬೇಡಿ’ ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಅವರು ಕಂಪನಿಗೆ ತಿಳಿಸಿ ಉಲ್ಲೇಖ ಸಂಖ್ಯೆಯನ್ನು ನಿಮಗೆ ಕಳುಹಿಸುವ ತನಕ ಸೂಚನೆ ಕೊಟ್ಟಂತಾಗಲಿಲ್ಲ ಎಂದೇ ತಿಳಿಯಬೇಕು. ಇನ್ನೊಂದು, ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಕಾರ್ಡ್ ಕೊಟ್ಟದ್ದನ್ನೇ ಸೂಚನೆ ಎಂದುಕೊಳ್ಳುವುದು. ಒಪ್ಪಂದದ ಆಸ್ಪತ್ರೆಯವರು ಕ್ಯಾಶ್‌ಲೆಸ್ ಒಪ್ಪಿಗೆಯ ಅರ್ಜಿಯನ್ನು ಕಳುಹಿಸಿದರೆ ಕಂಪನಿಗೆ ವಿಷಯ ತಿಳಿಯುತ್ತದೆ, ನಿಜ. ಆದರೆ ಭಾನುವಾರ ಕೌಂಟರಿನಲ್ಲಿ ಕೊಟ್ಟ ಕಾರ್ಡಿನ ನಕಲು ಸೋಮವಾರದವರೆಗೂ ಮೇಜಿನ ಮೇಲೆಯೇ ಉಳಿಯುವುದು ಸಾಧ್ಯ. ಅರ್ಜಿ ಕಳುಹಿಸಿದ್ದೀರಾ, ಎಷ್ಟು ಹೊತ್ತಿಗೆ, ಸಂಖ್ಯೆ ಏನು ಎಂದು ಕೇಳಿ. ಉತ್ತರ ಸ್ಪಷ್ಟವಾಗಿ ಬಾರದಿದ್ದರೆ ನೀವೇ ಫೋನ್ ಮಾಡಿ. ಎರಡು ಸಲ ತಿಳಿಸಿದ್ದರಿಂದ ಯಾವ ಕೇಡೂ ಇಲ್ಲ. ಉದ್ಯೋಗದಾತರ ಗುಂಪು ವಿಮೆ ಮತ್ತು ಸ್ವಂತ ಪಾಲಿಸಿ ಎರಡೂ ಇದ್ದರೆ ಎರಡು ಕಡೆಗೂ ಸೂಚನೆ ಕೊಟ್ಟಿರಬೇಕು, ಹಣವನ್ನು ಯಾವುದರಿಂದ ಪಡೆಯುವುದೆಂದು ನಂತರ ತೀರ್ಮಾನಿಸಬಹುದು.

ಇಷ್ಟೆಲ್ಲ ಮಾಡಲು ಮನೆಯವರೊಬ್ಬರು ಪಕ್ಕದಲ್ಲಿದ್ದು, ಕಾರ್ಡು ಕೈಯಲ್ಲಿರಬೇಕು. ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ನನಗೆ ಹತ್ತಿರದ ಒಂದು ಕುಟುಂಬದಲ್ಲಿ ಕಂಡಿದ್ದೇನೆ. ಶನಿವಾರ ರಾತ್ರಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮನೆಯ ಯಜಮಾನರನ್ನು ದಾರಿಹೋಕರು ಹತ್ತಿರದ ಆಸ್ಪತ್ರೆಗೆ ಸೇರಿಸಿದಾಗ 11 ಗಂಟೆ 20 ನಿಮಿಷ. ಪ್ರಜ್ಞೆಯಿರಲಿಲ್ಲ, ಫೋನ್ ಒಡೆದುಹೋಗಿತ್ತು. ಪೊಲೀಸರು ಜೇಬಿನಲ್ಲಿದ್ದ ಚಾಲನಾ ಪರವಾನಗಿಯಿಂದ ವಿಳಾಸ ಹಿಡಿದು ಹೆಂಡತಿಗೆ ವಿಷಯ ಮುಟ್ಟಿಸುವಾಗ ಭಾನುವಾರ ಬೆಳಗಿನ ಜಾವ 3 ಗಂಟೆ 10 ನಿಮಿಷವಾಗಿತ್ತು. ಆಕೆ ಆಸ್ಪತ್ರೆ ತಲುಪಿದ್ದು 6 ಗಂಟೆ 45ಕ್ಕೆ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು 7 ಗಂಟೆ 20ಕ್ಕೆ. ಮಧ್ಯಾಹ್ನದವರೆಗೆ ಶಸ್ತ್ರಚಿಕಿತ್ಸೆ ನಡೆಯಿತು. ಪಾಲಿಸಿ ಇದೆ ಎಂಬುದು ಆಕೆಗೆ ಗೊತ್ತಿತ್ತು, ಯಾವ ಕಂಪನಿಯದು ಎಂದು ಗೊತ್ತಿರಲಿಲ್ಲ. ಕಾಗದಪತ್ರಗಳಿದ್ದ ಬೀರುವಿನ ಕೀಲಿಯನ್ನು ಸಂಜೆ ಬಂದ ಮೈದುನನ ಕೈಗೆ ಕೊಟ್ಟು ಅವನನ್ನು ರಾತ್ರಿ ಬಸ್ಸಿಗೆ ಊರಿಗೆ ಕಳುಹಿಸಿದರು. ಸೋಮವಾರ ಬೆಳಗ್ಗೆ 8 ಗಂಟೆ 15ಕ್ಕೆ ಪಾಲಿಸಿ ಸಿಕ್ಕಿತು, 8 ಗಂಟೆ 40ಕ್ಕೆ ಕಂಪನಿಗೆ ಕರೆ ಹೋಯಿತು. ದಾಖಲಾಗಿ 33 ಗಂಟೆ 20 ನಿಮಿಷ ಕಳೆದಿತ್ತು, ಅಂದರೆ ಗಡುವಿಗಿಂತ 9 ಗಂಟೆ 20 ನಿಮಿಷ ತಡ.

ಇಂಥ ಹೊತ್ತಿನಲ್ಲಿ ಹೇಗೂ ಗಡುವು ಮೀರಿತಲ್ಲ, ಬಿಡುಗಡೆಯಾದ ಮೇಲೆ ನೋಡೋಣ ಎಂದು ಕೈಬಿಡುವುದೇ ನಿಜವಾದ ತಪ್ಪು. ಕಂಪನಿ ಬೇಗ ತಿಳಿಸಿ ಎನ್ನುವುದಕ್ಕೆ ಒಂದು ಕಾರಣವಿದೆ. ರೋಗಿ ಆಸ್ಪತ್ರೆಯಲ್ಲಿರುವಾಗಲೇ ಬೇಕೆಂದರೆ ತನ್ನವರನ್ನು ಕಳುಹಿಸಿ ಪರಿಶೀಲಿಸುವ ಅವಕಾಶ ಅದಕ್ಕೆ ಬೇಕು. ಒಂಬತ್ತು ಗಂಟೆ ತಡವಾದರೂ ರೋಗಿ ಇನ್ನೂ ಹಾಸಿಗೆಯಲ್ಲಿದ್ದರೆ ಆ ಅವಕಾಶ ಉಳಿದೇ ಇರುತ್ತದೆ. ಬಿಡುಗಡೆಯಾಗಿ ಹದಿನೈದು ದಿನವಾದ ಮೇಲೆ ತಿಳಿಸಿದರೆ ಅದು ಕೈತಪ್ಪಿರುತ್ತದೆ, ಆಗ ನಿಮ್ಮ ವಾದವೂ ಅಷ್ಟೇ ತೆಳುವಾಗುತ್ತದೆ. ಆದ್ದರಿಂದ ತಡವಾಗಿದೆ ಎಂದು ಗೊತ್ತಾದ ಆ ನಿಮಿಷದಲ್ಲೇ ಫೋನ್ ಮಾಡಿ, ತಡವಾದದ್ದನ್ನು ಮುಚ್ಚಿಡದೆ ಹೇಳಿ, ಸಂಖ್ಯೆ ಪಡೆಯಿರಿ. ಕ್ಯಾಶ್‌ಲೆಸ್ ಅರ್ಜಿಯನ್ನೂ ಹಾಕಿಸಿ. ಒಂದು ವೇಳೆ ಕ್ಯಾಶ್‌ಲೆಸ್‌ಗೆ ಒಪ್ಪದಿದ್ದರೆ ಅದರಿಂದ ಕ್ಲೇಮೇ ತಿರಸ್ಕೃತವಾಯಿತು ಎಂದು ಅರ್ಥವಲ್ಲ. ಹಣ ಕಟ್ಟಿ ನಂತರ ಮರುಪಾವತಿ ಕೇಳುವ ದಾರಿ ತೆರೆದಿರುತ್ತದೆ. ಅದಕ್ಕೆ ಬೇರೆಯೇ ಗಡುವಿದೆ. ಆರೋಗ್ಯ ಸಂಜೀವನಿಯಲ್ಲಿ ಆಸ್ಪತ್ರೆ ವೆಚ್ಚದ ದಾಖಲೆಗಳನ್ನು ಬಿಡುಗಡೆಯಾದ 30 ದಿನಗಳೊಳಗೆ ಸಲ್ಲಿಸಬೇಕು. ಸೂಚನೆ ತಡವಾಗಿದ್ದವರು ಈ ಎರಡನೆಯ ಗಡುವನ್ನಂತೂ ಮೀರಲೇಬಾರದು.

ಪಾಲಿಸಿ ಕಾಗದ ಸಿಗದಿದ್ದರೂ ಕಂಪನಿಯ ಹೆಸರೊಂದು ಗೊತ್ತಾದರೆ ಬಹುಮಟ್ಟಿಗೆ ಕೆಲಸವಾಗುತ್ತದೆ. ರೋಗಿಯ ಹೆಸರು, ಜನ್ಮದಿನಾಂಕ, ಪಾಲಿಸಿಗೆ ನೀಡಿದ ಮೊಬೈಲ್ ಸಂಖ್ಯೆ ಇವುಗಳಿಂದ ಪಾಲಿಸಿಯನ್ನು ಹುಡುಕಿಕೊಡುವಂತೆ ಗ್ರಾಹಕ ಸೇವೆಯವರನ್ನು ಕೇಳಬಹುದು. ಆ ಹೆಸರನ್ನು ತಿಳಿಯಲು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಪ್ರೀಮಿಯಂ ಕಡಿತವಾದ ಸಾಲನ್ನು ನೋಡಬಹುದು, ಕಚೇರಿಯ ಸಿಬ್ಬಂದಿ ವಿಭಾಗಕ್ಕೆ ಅಥವಾ ಆದಾಯ ತೆರಿಗೆ ಲೆಕ್ಕ ನೋಡುವವರಿಗೆ ಫೋನ್ ಮಾಡಬಹುದು. ಪ್ರೀಮಿಯಂ ಹಣವನ್ನು ತೆರಿಗೆ ವಿನಾಯಿತಿಗೆ ತೋರಿಸಿದ್ದರೆ ರಸೀದಿ ಅವರ ಬಳಿ ಇದ್ದೇ ಇರುತ್ತದೆ. ಮೇಲೆ ಹೇಳಿದ ಕುಟುಂಬದಲ್ಲಿ ಭಾನುವಾರ ಮಧ್ಯಾಹ್ನ ಇದು ಯಾರಿಗಾದರೂ ಹೊಳೆದಿದ್ದರೆ ರಾತ್ರಿ ಬಸ್ಸಿನ ಪ್ರಯಾಣವೂ, ಆ ಒಂಬತ್ತು ಗಂಟೆಗಳ ವಿಳಂಬವೂ ತಪ್ಪುತ್ತಿತ್ತೇನೋ.

ಕರೆ ಮಾಡಿದ ನಂತರ, ನೆನಪು ಹಸಿಯಾಗಿರುವಾಗಲೇ, ವಿಳಂಬದ ವಿವರಣಾ ಪತ್ರವನ್ನು ಬರೆದಿಟ್ಟುಕೊಳ್ಳಬೇಕು. ‘ಅನಿವಾರ್ಯ ಕಾರಣಗಳಿಂದ ತಡವಾಯಿತು, ದಯವಿಟ್ಟು ಮನ್ನಿಸಿ’ ಎಂಬ ಒಂದು ಸಾಲಿನ ಪತ್ರದಿಂದ ಏನೂ ಪ್ರಯೋಜನವಿಲ್ಲ. ದಾಖಲಾದ ಹೊತ್ತಿನಿಂದ ಸೂಚನೆ ಕೊಟ್ಟ ಹೊತ್ತಿನವರೆಗಿನ ಪ್ರತಿಯೊಂದು ಅವಧಿಗೂ ಒಂದು ಕಾರಣ, ಪ್ರತಿ ಕಾರಣಕ್ಕೂ ಸಾಧ್ಯವಾದಷ್ಟು ಒಂದು ದಾಖಲೆ ಇರಬೇಕು. ಆ ಕುಟುಂಬ ಬರೆದ ಪತ್ರದ ಮುಖ್ಯ ಭಾಗ ಹೀಗಿತ್ತು:

«ನನ್ನ ಪತಿ ಶನಿವಾರ ರಾತ್ರಿ 11.20ಕ್ಕೆ ಪ್ರಜ್ಞಾಹೀನ ಸ್ಥಿತಿಯಲ್ಲಿ ಅಪರಿಚಿತರಿಂದ ಆಸ್ಪತ್ರೆಗೆ ದಾಖಲಾದರು. ಅವರ ಫೋನ್ ಅಪಘಾತದಲ್ಲಿ ಒಡೆದಿತ್ತು. ಭಾನುವಾರ ಬೆಳಗಿನ ಜಾವ 3.10ಕ್ಕೆ ಪೊಲೀಸರ ಕರೆಯಿಂದ ನನಗೆ ವಿಷಯ ತಿಳಿಯಿತು. 6.45ಕ್ಕೆ ಆಸ್ಪತ್ರೆ ತಲುಪಿದೆ, 7.20ಕ್ಕೆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡಿದೆ. ಸಂಜೆಯವರೆಗೆ ನನ್ನೊಂದಿಗೆ ಬೇರೆ ಯಾರೂ ಇರಲಿಲ್ಲ. ಪಾಲಿಸಿಯ ವಿವರ ಪತಿಯ ಫೋನಿನಲ್ಲಿಯೂ ಮನೆಯಲ್ಲಿದ್ದ ಕಾಗದದಲ್ಲಿಯೂ ಮಾತ್ರ ಇತ್ತು. ನನ್ನ ಮೈದುನ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗಿ ಸೋಮವಾರ ಬೆಳಗ್ಗೆ 8.15ಕ್ಕೆ ಪಾಲಿಸಿಯನ್ನು ಪತ್ತೆಹಚ್ಚಿದರು. 25 ನಿಮಿಷಗಳಲ್ಲಿ ತಮಗೆ ತಿಳಿಸಲಾಗಿದೆ. ಆಗಲೂ ನನ್ನ ಪತಿ ತೀವ್ರ ನಿಗಾ ಘಟಕದಲ್ಲಿದ್ದರು, ಈಗಲೂ ಅಲ್ಲಿಯೇ ಇದ್ದಾರೆ.»

ಇದಕ್ಕೆ ಅವರು ಲಗತ್ತಿಸಿದ ಕಾಗದಗಳನ್ನು ನೋಡಿದರೆ ಯಾವುದೂ ಹೊಸದಾಗಿ ಮಾಡಿಸಿದ್ದಲ್ಲ. ದಾಖಲಾತಿ ಹಾಳೆಯಲ್ಲಿ ರೋಗಿಯನ್ನು ಕರೆತಂದವರು ಸಾರ್ವಜನಿಕರು, ಪ್ರಜ್ಞೆಯಿಲ್ಲ ಎಂದು ಬರೆದಿತ್ತು. ಅಪಘಾತವಾದ್ದರಿಂದ ಆಸ್ಪತ್ರೆಯವರು ಮೆಡಿಕೋ ಲೀಗಲ್ ಪ್ರಕರಣವೆಂದು ನೋಂದಾಯಿಸಿ ಪೊಲೀಸರಿಗೆ ತಿಳಿಸಿದ ಪ್ರತಿಯಿತ್ತು. ಒಪ್ಪಿಗೆ ಪತ್ರದಲ್ಲಿ ಸಹಿಯ ಪಕ್ಕ ಸಮಯವಿತ್ತು. ಆಕೆಯ ಫೋನಿನ ಕರೆಪಟ್ಟಿಯಲ್ಲಿ ಬೆಳಗಿನ ಜಾವದ ಪೊಲೀಸ್ ಕರೆ ಉಳಿದಿತ್ತು, ಅದರ ಸ್ಕ್ರೀನ್‌ಶಾಟ್ ತೆಗೆದರು. ಮೈದುನನ ಬಸ್ ಟಿಕೆಟ್ ಅಂಗಿಯ ಜೇಬಿನಲ್ಲೇ ಇತ್ತು. ಬಸ್ ಟಿಕೆಟ್ಟನ್ನು ಯಾರು ಜೋಪಾನ ಮಾಡುತ್ತಾರೆ! ಆದರೆ ಭಾನುವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೆ ಆ ಅಂಗೈಯಗಲದ ಚೀಟಿಯೇ ಉತ್ತರವಾಯಿತು. ತುರ್ತು ದಾಖಲಾತಿಯಾದ ದಿನಗಳಲ್ಲಿ ಸಮಯ ನಮೂದಾಗಿರುವ ಯಾವ ಚೀಟಿಯನ್ನೂ ಎಸೆಯಬೇಡಿ. ಡಿಸ್ಚಾರ್ಜ್ ಆಗುವ ಮುನ್ನ ದಾಖಲಾತಿ ಹಾಳೆ ಮತ್ತು ಒಪ್ಪಿಗೆ ಪತ್ರಗಳ ನಕಲನ್ನು ಕೇಳಿ ಪಡೆಯಿರಿ, ಆಮೇಲೆ ದಾಖಲೆ ವಿಭಾಗದಿಂದ ತೆಗೆಸುವುದಕ್ಕೆ ದಿನಗಟ್ಟಲೆ ಓಡಾಡಬೇಕಾದೀತು.

ಯಾವ ಕಾರಣ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ರೋಗಿಗೆ ಪ್ರಜ್ಞೆಯಿರಲಿಲ್ಲ, ಮನೆಯವರಿಗೆ ವಿಷಯವೇ ತಿಳಿದಿರಲಿಲ್ಲ, ಕುಟುಂಬದವರೆಲ್ಲರೂ ಒಂದೇ ಅಪಘಾತದಲ್ಲಿ ಗಾಯಗೊಂಡಿದ್ದರು, ನೆರೆ ಬಂದು ಸಂಪರ್ಕ ಕಡಿದಿತ್ತು ಎಂಬಂಥವು ಕೈಮೀರಿದ ಕಾರಣಗಳು. ‘ನಿಯಮ ಗೊತ್ತಿರಲಿಲ್ಲ’ ಎಂಬುದು ದುರ್ಬಲ ಕಾರಣ, ಏಕೆಂದರೆ ಪಾಲಿಸಿಯ ಜೊತೆಯಲ್ಲೇ ನಿಯಮವನ್ನೂ ಕೊಟ್ಟಿರುತ್ತಾರೆ. ಹಾಗೆಂದು ನಿಜವಾಗಿ ಗೊತ್ತಿರದಿದ್ದವರು ಸುಳ್ಳು ಕಾರಣ ಕಟ್ಟಲು ಹೋಗಬಾರದು. ಇದ್ದದ್ದನ್ನು ಬರೆದು, ಗೊತ್ತಾದ ಕೂಡಲೇ ತಿಳಿಸಿದ್ದೇವೆ ಮತ್ತು ರೋಗಿ ಇನ್ನೂ ಆಸ್ಪತ್ರೆಯಲ್ಲೇ ಇದ್ದರು ಎಂಬುದರ ಮೇಲೆ ಒತ್ತು ಕೊಡಬೇಕು. ಇನ್ನು, ಉಪಕಾರ ಮಾಡುವಂತೆ ‘ದಾಖಲಾದ ಸಮಯವನ್ನೇ ಮರುದಿನಕ್ಕೆ ಬರೆದುಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಔಷಧಿ ಬಿಲ್ಲು, ದಾದಿಯರ ಟಿಪ್ಪಣಿ, ಸ್ಕ್ಯಾನಿನ ವರದಿ ಎಲ್ಲದರಲ್ಲೂ ನಿಜವಾದ ಸಮಯ ಇರುತ್ತದೆ. ವಿವರಣೆ ಕೊಟ್ಟರೆ ಮನ್ನಿಸಬಹುದಾಗಿದ್ದ ವಿಳಂಬವನ್ನು ಮುಚ್ಚಲು ಹೋಗಿ ವಂಚನೆಯ ಆರೋಪವನ್ನು ತಲೆಯ ಮೇಲೆ ಎಳೆದುಕೊಂಡಂತಾಗುತ್ತದೆ.

ಇಷ್ಟಾದರೂ ತಡವಾಗಿ ತಿಳಿಸಿದ್ದೀರಿ ಎಂಬ ಒಂದೇ ಕಾರಣಕ್ಕೆ ಕ್ಲೇಮನ್ನು ತಿರಸ್ಕರಿಸಿದರೆ, ತಿರಸ್ಕಾರದ ಪತ್ರವನ್ನು ಲಿಖಿತವಾಗಿ, ಪಾಲಿಸಿಯ ಯಾವ ಷರತ್ತಿನಡಿ ಎಂಬ ಉಲ್ಲೇಖದೊಂದಿಗೆ ಕೇಳಿ ಪಡೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2011ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಲ್ಲಿ ಈ ವಿಷಯವನ್ನೇ ಎತ್ತಿಕೊಂಡು, ವಿಳಂಬವು ಅನಿವಾರ್ಯ ಸಂದರ್ಭಗಳಿಂದ ಆಗಿದ್ದಾಗ ನೈಜ ಕ್ಲೇಮುಗಳನ್ನು ಯಾಂತ್ರಿಕವಾಗಿ ತಳ್ಳಿಹಾಕಬಾರದೆಂದು ಎಲ್ಲ ಕಂಪನಿಗಳಿಗೂ ಹೇಳಿದೆ. ಸಕಾಲದಲ್ಲಿ ತಿಳಿಸಿದ್ದರೂ ಆ ಕ್ಲೇಮು ತಿರಸ್ಕೃತವಾಗುತ್ತಿತ್ತೇ ಎಂಬುದು ಅಲ್ಲಿ ಬರುವ ಮುಖ್ಯ ಪ್ರಶ್ನೆ. ಸುಪ್ರೀಂ ಕೋರ್ಟ್ ಕೂಡ 2017ರಲ್ಲಿ, ಕಳವಾದ ವಾಹನವೊಂದರ ವಿಮಾ ಪ್ರಕರಣದಲ್ಲಿ, ವಿಳಂಬಕ್ಕೆ ತೃಪ್ತಿಕರ ವಿವರಣೆಯಿದ್ದರೆ ವಿಳಂಬದ ಕಾರಣಕ್ಕೇ ಕ್ಲೇಮನ್ನು ನಿರಾಕರಿಸಲಾಗದು ಎಂದಿದೆ. ಅದು ಆರೋಗ್ಯ ವಿಮೆಯ ಪ್ರಕರಣವಲ್ಲ, ಆದರೆ ತತ್ವ ಇಲ್ಲಿಗೂ ಅನ್ವಯಿಸುತ್ತದೆಂದು ವಾದಿಸಬಹುದು. 2024ರ ಮೇ ತಿಂಗಳ ಆರೋಗ್ಯ ವಿಮಾ ಸುತ್ತೋಲೆಯ ಪ್ರಕಾರ ಕಂಪನಿಯೊಳಗಿನ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಆದ್ದರಿಂದ ಸಮಿತಿ ನಿಮ್ಮ ವಿವರಣಾ ಪತ್ರವನ್ನು ನೋಡಿದೆಯೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ದೂರನ್ನು ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕೊಡಬೇಕು. ಅವರ ಇಮೇಲ್ ವಿಳಾಸ ಪಾಲಿಸಿಯಲ್ಲೇ ಇರುತ್ತದೆ. ಪತ್ರದಲ್ಲಿ ಪಾಲಿಸಿ ಸಂಖ್ಯೆ, ಸೂಚನೆಯ ಉಲ್ಲೇಖ ಸಂಖ್ಯೆ, ಗಂಟೆವಾರು ವಿವರಣೆ, 2011ರ ಸುತ್ತೋಲೆಯ ದಿನಾಂಕ ಇಷ್ಟನ್ನೂ ಬರೆದು ದಾಖಲೆಗಳನ್ನು ಮತ್ತೆ ಲಗತ್ತಿಸಿ. ಜೊತೆಗೆ ಐಆರ್‌ಡಿಎಐಯ ಬಿಮಾ ಭರೋಸಾ ಜಾಲತಾಣದಲ್ಲೋ 155255 ಸಂಖ್ಯೆಗೆ ಕರೆ ಮಾಡಿಯೋ ದೂರು ದಾಖಲಿಸಬಹುದು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಕರ್ನಾಟಕದವರಿಗೆ ಬೆಂಗಳೂರಿನಲ್ಲಿಯೇ ಅವರ ಕಚೇರಿಯಿದೆ. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ಅಲ್ಲಿ ವಿಚಾರಣೆಗೆ ತೆಗೆದುಕೊಳ್ಳುತ್ತಾರೆ.

ಮೇಲೆ ಹೇಳಿದ ಕುಟುಂಬ ಅಷ್ಟು ದೂರ ಹೋಗಬೇಕಾಗಿ ಬರಲಿಲ್ಲ. ಕ್ಯಾಶ್‌ಲೆಸ್ ಸಿಗಲಿಲ್ಲ, ಒಡವೆ ಅಡವಿಟ್ಟು ಬಿಲ್ಲು ಕಟ್ಟಿದರು. ಕಂಪನಿಯಿಂದ ಬಂದ ಪರಿಶೀಲಕರು ಆಕೆಯನ್ನು ಮುಕ್ಕಾಲು ಗಂಟೆ ಪ್ರಶ್ನಿಸಿ, ಬಸ್ ಟಿಕೆಟ್ಟಿನ ಫೋಟೋ ತೆಗೆದುಕೊಂಡು ಹೋದರು. ಮರುಪಾವತಿಯ ಹಣ ಖಾತೆಗೆ ಬಂದ ಮೇಲೆ ಆಕೆ ಮಾಡಿದ ಮೊದಲ ಕೆಲಸವೆಂದರೆ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಮತ್ತು ಉಚಿತ ದೂರವಾಣಿ ಸಂಖ್ಯೆಯನ್ನು ಮೂರು ಚೀಟಿಗಳಲ್ಲಿ ಬರೆದು, ಒಂದನ್ನು ಗಂಡನ ಚಾಲನಾ ಪರವಾನಗಿಯ ಹಿಂದೆ ಸೇರಿಸಿ, ಒಂದನ್ನು ತನ್ನ ಪರ್ಸಿನಲ್ಲಿಟ್ಟುಕೊಂಡು, ಇನ್ನೊಂದನ್ನು ಮೈದುನನ ಕೈಗೆ ಕೊಟ್ಟದ್ದು.